ಅರ್ಧ ತಿಂದ ತಟ್ಟೆ, ಮಿಕ್ಕ ಬಿಸಿಬೇಳೆಬಾತ್: ಕ್ಯಾಲೊರಿ ಲೆಕ್ಕ ಹಾಕುವ ಬಗೆ

ಪ್ರಶ್ನೆ: ಡಯೆಟಿಷಿಯನ್ ನನಗೆ ದಿನಕ್ಕೆ 1500 ಕ್ಯಾಲೊರಿ ಹೇಳಿ, ತಿಂದದ್ದನ್ನೆಲ್ಲ ಬರೆದಿಡಿ ಎಂದಿದ್ದಾರೆ. ತಟ್ಟೆ ಪೂರ್ತಿ ಮುಗಿಸಿದ ದಿನ ತೊಂದರೆಯಿಲ್ಲ. ಬಿಸಿಬೇಳೆಬಾತ್ ಅರ್ಧ ತಿಂದು ಬಿಟ್ಟರೆ ಅರ್ಧ ಎಂದು ಬರೆಯಬಹುದೇ? ಮಗ ಬಿಟ್ಟ ತಟ್ಟೆಯನ್ನೂ ಎಷ್ಟೋ ಸಲ ನಾನೇ ಮುಗಿಸುತ್ತೇನೆ. ಮಿಕ್ಕಿದ್ದನ್ನು ಮರುದಿನ ಬಿಸಿ ಮಾಡಿಕೊಂಡು ತಿನ್ನುವುದೂ ಉಂಟು. ಇವನ್ನೆಲ್ಲ ಹೇಗೆ ಬರೆಯುವುದು? (ಗೃಹಿಣಿ, ಮಂಡ್ಯ)

ಉತ್ತರ: ಒಂದೇ ಹದವಾಗಿ ಬೆರೆತ ಅಡುಗೆಯಾದರೆ ಅರ್ಧ ತಿಂದದ್ದಕ್ಕೆ ಅರ್ಧ ಕ್ಯಾಲೊರಿ ಎಂದು ಬರೆಯಬಹುದು. ರಾಗಿಮುದ್ದೆ ಅಂಥದ್ದು, ಮೊಸರನ್ನವೂ ಬಹುಮಟ್ಟಿಗೆ ಅಂಥದ್ದೇ. ಮುದ್ದೆಯನ್ನು ಎಲ್ಲಿಂದ ಮುರಿದರೂ ಸಿಗುವುದು ಅದೇ ಹಿಟ್ಟು, ಅದೇ ನೀರು. ಬಿಸಿಬೇಳೆಬಾತ್ ಕೂಡ ಕುಕ್ಕರಿನಲ್ಲಿ ಇರುವವರೆಗೆ ಹೀಗೆಯೇ ಇರುತ್ತದೆ. ಆದರೆ ತಟ್ಟೆಗೆ ಬಂದು, ಮೇಲೆ ತುಪ್ಪ ಬಿದ್ದು, ಪಕ್ಕದಲ್ಲಿ ಖಾರಾಬೂಂದಿ ಕುಳಿತ ಕ್ಷಣದಿಂದ ಅದು ಒಂದೇ ಪದಾರ್ಥವಾಗಿ ಉಳಿಯುವುದಿಲ್ಲ. ಯಾರೂ ತಟ್ಟೆಯ ಎಲ್ಲ ಭಾಗವನ್ನೂ ಸಮನಾಗಿ ಅರ್ಧ ಮಾಡಿ ಬಿಡುವುದಿಲ್ಲ. ತುಪ್ಪ ಬಿದ್ದ ನಡುವಿನ ಭಾಗ ಮೊದಲು ಖಾಲಿಯಾಗುತ್ತದೆ, ಬೂಂದಿ ಅದರ ಜೊತೆಯಲ್ಲೇ ಮುಗಿಯುತ್ತದೆ, ಕೊನೆಗೆ ಉಳಿಯುವುದು ಅಂಚಿನ ಬರಿ ಬಾತು. ಆದ್ದರಿಂದ ನೀವು ಅಂದಾಜು ಮಾಡಬೇಕಾದದ್ದು ತಿಂದ ಭಾಗವನ್ನಲ್ಲ, ಉಳಿದ ಭಾಗವನ್ನು. ಉಳಿದದ್ದು ಕಣ್ಣೆದುರಿಗೇ ಇರುತ್ತದೆ, ಅದನ್ನು ತೂಗಬಹುದು, ಅದರಲ್ಲಿ ಏನಿದೆ ಏನಿಲ್ಲ ಎಂದು ನೋಡಬಹುದು. ಬಡಿಸಿದ್ದರ ಒಟ್ಟು ಕ್ಯಾಲೊರಿಯಿಂದ ಉಳಿದದ್ದರ ಕ್ಯಾಲೊರಿಯನ್ನು ಕಳೆದರೆ ತಿಂದದ್ದು ತಾನಾಗಿ ಸಿಗುತ್ತದೆ.

ಇದಕ್ಕೆ ಮೊದಲು ಪಾತ್ರೆಯ ಲೆಕ್ಕ ಬೇಕು, ಅದು ಒಮ್ಮೆ ಮಾಡಿದರೆ ಸಾಕು. ನಾಲ್ಕು ಜನಕ್ಕೆ ಆಗಿ ಸ್ವಲ್ಪ ಮಿಗುವಷ್ಟು ಬಿಸಿಬೇಳೆಬಾತ್ ಮಾಡುತ್ತೀರಿ ಎಂದುಕೊಳ್ಳೋಣ. ಅಕ್ಕಿ 200 ಗ್ರಾಂ, ತೊಗರಿಬೇಳೆ 150 ಗ್ರಾಂ, ಕ್ಯಾರೆಟ್, ಹುರುಳಿಕಾಯಿ, ನವಿಲುಕೋಸು, ಬಟಾಣಿ ಎಲ್ಲ ಸೇರಿ 300 ಗ್ರಾಂ ತರಕಾರಿ, ಎರಡು ದೊಡ್ಡ ಚಮಚ ಎಣ್ಣೆ, ಒಗ್ಗರಣೆಗೆ ಎರಡು ದೊಡ್ಡ ಚಮಚ ತುಪ್ಪ, 20 ಗ್ರಾಂ ಗೋಡಂಬಿ, ಒಂದು ಹಿಡಿ ಬಿಸಿಬೇಳೆಬಾತ್ ಪುಡಿ, ಹುಣಸೆ, ಒಂದು ಸಣ್ಣ ತುಂಡು ಬೆಲ್ಲ. ಹಸಿ ಅಕ್ಕಿ 100 ಗ್ರಾಂಗೆ ಸುಮಾರು 355 ಕ್ಯಾಲೊರಿ, ತೊಗರಿಬೇಳೆಗೆ ಸುಮಾರು 330. ಹಾಗಾಗಿ ಅಕ್ಕಿಯಿಂದ 710, ಬೇಳೆಯಿಂದ 495 ಬರುತ್ತದೆ. ಎಣ್ಣೆ ಮತ್ತು ತುಪ್ಪ ಹೆಚ್ಚುಕಡಿಮೆ ಪೂರ್ತಿ ಕೊಬ್ಬೇ ಆದ್ದರಿಂದ ಗ್ರಾಂಗೆ 9 ಕ್ಯಾಲೊರಿ ಹಿಡಿಯಬೇಕು. ನಾಲ್ಕು ದೊಡ್ಡ ಚಮಚ ಸೇರಿ ಸುಮಾರು 54 ಗ್ರಾಂ, ಅಂದರೆ 485 ಕ್ಯಾಲೊರಿ. ಗೋಡಂಬಿ 115, ತರಕಾರಿ 120, ಪುಡಿ 110, ಬೆಲ್ಲ ಮತ್ತು ಹುಣಸೆ ಸೇರಿ 75. ಎಲ್ಲ ಕೂಡಿದರೆ 2110 ಆಗುತ್ತದೆ. ಲೆಕ್ಕ ಸುಲಭವಾಗಲೆಂದು 2100 ಎಂದಿಟ್ಟುಕೊಳ್ಳುತ್ತೇನೆ. ನಾಲ್ಕು ಚಮಚ ಕೊಬ್ಬು ಇಡೀ ತೊಗರಿಬೇಳೆಯಷ್ಟೇ ಕ್ಯಾಲೊರಿ ಕೊಟ್ಟದ್ದನ್ನು ಇಲ್ಲಿಯೇ ಗಮನಿಸಿರಿ, ತಟ್ಟೆಯ ಲೆಕ್ಕದಲ್ಲಿ ಇದು ಮತ್ತೆ ಬೇಕಾಗುತ್ತದೆ.

ಈ ಬಗೆಯ ಅಂಕಿಗಳಿಗೆ ನಮ್ಮಲ್ಲಿ ಆಧಾರವೆಂದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಕೋಷ್ಟಕ. ಅದನ್ನು ನೇರವಾಗಿ ನೋಡುವವರು ಒಂದು ಎಚ್ಚರಿಕೆ ವಹಿಸಬೇಕು. ಅದರಲ್ಲಿ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಟ್ಟಿದ್ದಾರೆ. ಅಕ್ಕಿಯ ಎದುರಿಗೆ 1491 ಎಂದು ಕಂಡರೆ ಗಾಬರಿಯಾಗಬೇಡಿ, 4.184ರಿಂದ ಭಾಗಿಸಿದರೆ ನಾವು ದಿನಬಳಕೆಯಲ್ಲಿ ಹೇಳುವ 356 ಕ್ಯಾಲೊರಿ ಬರುತ್ತದೆ. ಕೆಲವರ ಡೈರಿಯಲ್ಲಿ ಒಂದು ಹೊತ್ತಿನ ಊಟ 2000 ದಾಟಿರುವುದನ್ನು ನೋಡಿದಾಗ ನಾನು ಮೊದಲು ಅನುಮಾನಿಸುವುದು ಈ ಭಾಗಾಕಾರವನ್ನೇ.

ಬೇಯಿಸಿದ ಮೇಲೆ ಒಟ್ಟು ತೂಕ ಎಷ್ಟು ಎಂಬುದು ಎರಡನೆಯ ಅಂಕಿ. ಖಾಲಿ ಕುಕ್ಕರಿನ ತೂಕವನ್ನು ಒಂದು ಸಲ ತೂಗಿ, ಅಡುಗೆಮನೆಯ ಬೀರುವಿನ ಬಾಗಿಲ ಒಳಗಡೆ ಬರೆದು ಅಂಟಿಸಿಡಿ. ಅಡುಗೆ ಆದ ಮೇಲೆ ಮುಚ್ಚಳ ತೆಗೆದು ಕುಕ್ಕರನ್ನೇ ತಕ್ಕಡಿಯ ಮೇಲಿಟ್ಟು, ಖಾಲಿ ತೂಕವನ್ನು ಕಳೆಯಿರಿ. ಮನೆಗಳಲ್ಲಿ ಇಟ್ಟುಕೊಳ್ಳುವ ಸಣ್ಣ ಡಿಜಿಟಲ್ ತಕ್ಕಡಿಗಳು ಸಾಮಾನ್ಯವಾಗಿ 5 ಕಿಲೋವರೆಗೆ ಮಾತ್ರ ತೂಗುತ್ತವೆ. ದಪ್ಪ ತಳದ ದೊಡ್ಡ ಕುಕ್ಕರ್ ತುಂಬಿದಾಗ ಆ ಮಿತಿಯನ್ನು ಮೀರುವುದುಂಟು. ಆಗ ಬಾತನ್ನು ಎರಡು ಬೋಗುಣಿಗೆ ಸುರಿದು ಬೇರೆಬೇರೆಯಾಗಿ ತೂಗಿ ಕೂಡಿಸುವುದು ಒಳ್ಳೆಯದು. ತಕ್ಕಡಿಯನ್ನು ಬಿಸಿ ಪಾತ್ರೆಯಿಂದ ಕಾಪಾಡಲು ಕೆಳಗೊಂದು ಮರದ ಮಣೆ ಇಟ್ಟು, ಮಣೆಯೊಂದಿಗೇ ಸೊನ್ನೆಗೆ ತನ್ನಿ. ನಮ್ಮ ಉದಾಹರಣೆಯಲ್ಲಿ ಬಾತಿನ ತೂಕ 2000 ಗ್ರಾಂ ಬಂದಿತು ಎನ್ನೋಣ. 2100 ಕ್ಯಾಲೊರಿಯನ್ನು 2000 ಗ್ರಾಂನಿಂದ ಭಾಗಿಸಿದರೆ ಗ್ರಾಂಗೆ 1.05. ಈ ಪಾತ್ರೆಯ ಬಾತಿಗೆ ಇಂದು ಇದೇ ದರ.

ಈಗ ತಟ್ಟೆಗೆ ಬರೋಣ. ನಿಮ್ಮ ಸ್ಟೀಲ್ ತಟ್ಟೆ ಖಾಲಿ ಇದ್ದಾಗ 310 ಗ್ರಾಂ ಇದೆ. ಅದಕ್ಕೆ 380 ಗ್ರಾಂ ಬಾತು, ಒಂದು ಸಣ್ಣ ಚಮಚದಷ್ಟು, ಅಂದರೆ 5 ಗ್ರಾಂ ತುಪ್ಪ, 20 ಗ್ರಾಂ ಖಾರಾಬೂಂದಿ ಬಿದ್ದಿತು. ತಕ್ಕಡಿಯಲ್ಲಿ 715 ಬರುತ್ತದೆ. ಬಾತಿನಿಂದ 399, ತುಪ್ಪದಿಂದ 45, ಬೂಂದಿ ಎಣ್ಣೆಯಲ್ಲಿ ಕರಿದದ್ದಾದ್ದರಿಂದ 20 ಗ್ರಾಂಗೆ ಸುಮಾರು 106. ಬಡಿಸಿದ ಒಟ್ಟು 550. ಊಟ ಮುಗಿದ ಮೇಲೆ ತಟ್ಟೆಯನ್ನು ಮತ್ತೆ ತೂಗಿದರೆ 450 ಇದೆ. ತಟ್ಟೆಯ ತೂಕ ಕಳೆದರೆ ಉಳಿದದ್ದು 140 ಗ್ರಾಂ. ಇಲ್ಲಿ ಹೆಚ್ಚಿನವರು ಏನು ಮಾಡುತ್ತಾರೆಂದರೆ, 405 ಗ್ರಾಂನಲ್ಲಿ 140 ಉಳಿಯಿತು, ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಆದ್ದರಿಂದ 550ರಲ್ಲಿ 190 ಕಳೆದು 360 ತಿಂದೆ ಎಂದು ಬರೆಯುತ್ತಾರೆ. ಆದರೆ ಉಳಿದ 140 ಗ್ರಾಂನಲ್ಲಿ ಬೂಂದಿಯ ಒಂದು ಕಾಳೂ ಇಲ್ಲ, ತುಪ್ಪವನ್ನು ನಡುವಿನ ಬಾತಿನೊಂದಿಗೆ ಕಲಸಿಕೊಂಡು ಆಗಲೇ ತಿಂದಾಗಿದೆ. ಉಳಿದದ್ದು ಬರಿಯ ಬಾತು, 140ಕ್ಕೆ 1.05ರ ದರದಲ್ಲಿ 147 ಕ್ಯಾಲೊರಿ. ಹಾಗಾದರೆ ತಿಂದದ್ದು 403. ಅರ್ಧ, ಮುಕ್ಕಾಲು ಎಂದು ತೂಕದ ಪಾಲಿನಲ್ಲಿ ಬರೆದವರು 43 ಕ್ಯಾಲೊರಿಯನ್ನು, ಅಂದರೆ ಆ ಚಮಚ ತುಪ್ಪವನ್ನೇ ಹೆಚ್ಚುಕಡಿಮೆ ಬರೆಯದೆ ಬಿಟ್ಟಂತಾಯಿತು. ತಪ್ಪು ಒಂದು ದಿನ ಮೇಲಕ್ಕೆ, ಇನ್ನೊಂದು ದಿನ ಕೆಳಕ್ಕೆ ಹೋಗಿ ಸರಿಹೋಗುವ ಜಾತಿಯದಾಗಿದ್ದರೆ ನಾನು ಇದನ್ನು ಇಷ್ಟು ಬಿಡಿಸಿ ಹೇಳುತ್ತಿರಲಿಲ್ಲ. ರುಚಿಯಾದದ್ದನ್ನು ಮೊದಲು ತಿನ್ನುವುದು ಮನುಷ್ಯಸ್ವಭಾವ, ರುಚಿಯಾದದ್ದರಲ್ಲಿ ಎಣ್ಣೆ ತುಪ್ಪ ಹೆಚ್ಚಿರುವುದು ವಾಡಿಕೆ. ಹಾಗಾಗಿ ಈ ತಪ್ಪು ಬಹುತೇಕ ಯಾವಾಗಲೂ ಒಂದೇ ಕಡೆಗೆ, ಕಡಿಮೆ ಬರೆಯುವ ಕಡೆಗೇ ವಾಲುತ್ತದೆ.

ತುಪ್ಪ ಎಲ್ಲಿ ಹೋಯಿತು ಎಂದು ನಿಶ್ಚಯಿಸುವುದು ಕಷ್ಟವೇನಲ್ಲ. ಊಟಕ್ಕೆ ಕುಳಿತ ಕೂಡಲೇ ಇಡೀ ಬಾತನ್ನು ಕೈಯಿಂದ ಕಲಸಿಬಿಡುವ ಅಭ್ಯಾಸ ನಿಮಗಿದ್ದರೆ, ತುಪ್ಪ ಎಲ್ಲ ಕಡೆಗೂ ಹರಡಿರುತ್ತದೆ, ಉಳಿದದ್ದರಲ್ಲಿಯೂ ಅದರ ಪಾಲು ಇರುತ್ತದೆ. ಆಗ 147ಕ್ಕೆ 16 ಸೇರಿಸಿ, ಉಳಿದದ್ದು 163 ಎಂದು ಹಿಡಿಯಿರಿ. ಅಂಚಿನಿಂದ ಸ್ವಲ್ಪ ಸ್ವಲ್ಪ ಎಳೆದುಕೊಂಡು ತುತ್ತು ತುತ್ತಾಗಿ ಕಲಸುವವರಾದರೆ ಸೇರಿಸಬೇಕಿಲ್ಲ. ಉಳಿದ ಬಾತನ್ನು ಚಮಚದಿಂದ ಒಂದು ಪಕ್ಕಕ್ಕೆ ಸರಿಸಿ ತಟ್ಟೆಯ ತಳವನ್ನು ನೋಡಿದರೂ ಗೊತ್ತಾಗುತ್ತದೆ. ತುಪ್ಪವಿದ್ದ ಜಾಗ ತಣ್ಣಗಾದ ಮೇಲೆ ಮಂಕಾಗಿ ಬಿಳಿಚಿಕೊಂಡಿರುತ್ತದೆ, ಬರಿ ಬಾತು ಇದ್ದ ಜಾಗದಲ್ಲಿ ಸ್ಟೀಲು ತೇವವಾಗಿ ಹೊಳೆಯುತ್ತದೆ.

ತೂಗುವ ಹೊತ್ತಿನ ಬಗ್ಗೆ ಒಂದು ಮಾತು. ನಮ್ಮ ಕಡೆಯ ಹಿರಿಯರು ತಟ್ಟೆಯಲ್ಲೇ ಕೈ ತೊಳೆಯುತ್ತಾರೆ. ಒಂದು ಲೋಟ ನೀರು ಬಿದ್ದರೆ ಉಳಿದದ್ದರ ತೂಕ 140ರಿಂದ 300 ದಾಟಿ, ಆ ಊಟದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಿಂದೇ ಇಲ್ಲವೆಂದು ಡೈರಿ ಹೇಳುತ್ತದೆ. ಕೈ ತೊಳೆಯುವ ಮೊದಲು ತೂಗಿರಿ. ಆರಿಸಿ ಪಕ್ಕಕ್ಕಿಟ್ಟ ಕರಿಬೇವು, ಒಣಮೆಣಸಿನಕಾಯಿಗಳನ್ನು ತೆಗೆದು ತೂಗಿದರೂ ಸರಿ, ಬಿಟ್ಟರೂ ಸರಿ, ಅವು ನಾಲ್ಕಾರು ಗ್ರಾಂ. ಆದರೆ ಮಾಂಸದ ಮೂಳೆಗಳ ವಿಷಯ ಬೇರೆ. ಅದಕ್ಕೆ ಮುಂದೆ ಬರುತ್ತೇನೆ.

ಮಗನ ತಟ್ಟೆಗೂ ಇದೇ ಕ್ರಮ. ಆದರೆ ಇಲ್ಲಿ ಉಳಿದದ್ದೇ ನಿಮ್ಮ ಊಟ. ಅವನಿಗೆ 200 ಗ್ರಾಂ ಬಾತು, ಒಂದು ಸಣ್ಣ ಚಮಚ ತುಪ್ಪ, 15 ಗ್ರಾಂ ಬೂಂದಿ ಬಡಿಸಿದ್ದೀರಿ ಎಂದುಕೊಳ್ಳೋಣ, ಸುಮಾರು 335 ಕ್ಯಾಲೊರಿ. ಮಕ್ಕಳು ತಟ್ಟೆಯನ್ನು ಬಿಡುವ ರೀತಿಯಲ್ಲಿಯೂ ಒಂದು ಕ್ರಮವಿರುತ್ತದೆ. ಬೂಂದಿ ಮತ್ತು ಗೋಡಂಬಿ ಹೋಗಿರುತ್ತವೆ, ಹುರುಳಿಕಾಯಿ ಮತ್ತು ನವಿಲುಕೋಸು ಸಾಲಾಗಿ ಅಂಚಿಗೆ ಬಂದಿರುತ್ತವೆ, ಅದರ ಸುತ್ತ ಒಂದಿಷ್ಟು ಬಾತು. ಇಂಥ 120 ಗ್ರಾಂ ಉಳಿದರೆ 1.05ರ ದರದಲ್ಲಿ 126 ಬರುತ್ತದೆಯಾದರೂ, ಗೋಡಂಬಿ ಹೋಗಿ ತರಕಾರಿ ಹೆಚ್ಚಿರುವುದರಿಂದ 115 ಅಥವಾ 120 ಎಂದು ಬರೆದರೆ ಹೆಚ್ಚು ಸರಿ. ಅದನ್ನು ನೀವು ತಿಂದರೆ ನಿಮ್ಮ ಆ ಹೊತ್ತಿನ ಲೆಕ್ಕ 403ಕ್ಕೆ 120 ಸೇರಿ 523. ಅಂದರೆ ನಿಮ್ಮ ತಟ್ಟೆಯಲ್ಲಿ 147 ಬಿಟ್ಟು ಕಲಗಚ್ಚಿಗೆ ಹಾಕಿ, ಅವನ ತಟ್ಟೆಯಿಂದ 120 ತೆಗೆದುಕೊಂಡಿರಿ. ನಿಮ್ಮ ಪಾಲನ್ನೇ ಪೂರ್ತಿ ಮುಗಿಸಿದ್ದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು. ಡೈರಿ ಬರೆಯುವ ತಾಯಂದಿರಲ್ಲಿ ಅತಿ ಹೆಚ್ಚು ಬಿಟ್ಟುಹೋಗುವ ಸಾಲು ಇದು. ಅದನ್ನು ಊಟವೆಂದು ಯಾರೂ ಎಣಿಸುವುದಿಲ್ಲ, ತಟ್ಟೆ ಸಿಂಕಿಗೆ ಹೋಗುವ ದಾರಿಯಲ್ಲಿ ನಿಂತುಕೊಂಡೇ ಮುಗಿಸಿರುತ್ತಾರೆ. ಅದಕ್ಕೆ ಮೊಸರು ಕಲಸಿಕೊಂಡರೆ ಮೊಸರನ್ನು ಬೇರೆಯಾಗಿ ಬರೆಯಿರಿ.

ದಿನವೂ ತಕ್ಕಡಿ ಹಿಡಿದು ಕೂರಲಾಗದು, ಅದನ್ನು ನಾನು ಯಾರಿಗೂ ಹೇಳುವುದೂ ಇಲ್ಲ. ಅದರ ಬದಲು ನಿಮ್ಮ ಮನೆಯ ಬಡಿಸುವ ಸೌಟನ್ನು ಅಳತೆ ಮಾಡಿಕೊಳ್ಳಿ. ಒಂದು ಸೌಟು ಬಿಸಿಬೇಳೆಬಾತ್ ಎಷ್ಟು ತೂಗುತ್ತದೆ, ಒಂದು ಸೌಟು ಅನ್ನ ಎಷ್ಟು, ಸಾರು ಎಷ್ಟು ಎಂದು ಒಮ್ಮೆ ತೂಗಿ ಬರೆದಿಟ್ಟುಕೊಂಡರೆ ಬಡಿಸುವಾಗ ಸೌಟು ಎಣಿಸಿದರೆ ಸಾಕು. ಉಳಿದದ್ದನ್ನು ಅಳೆಯಲೂ ಅದೇ ಸೌಟು ಬಳಸಿ. ತಟ್ಟೆಯ ಅಗಲಕ್ಕೆ ತೆಳುವಾಗಿ ಹರಡಿಕೊಂಡ ಬಾತು ಕಣ್ಣಿಗೆ ಬಹಳವಾಗಿ ಕಾಣುತ್ತದೆ, ಮೂಲೆಗೆ ಒತ್ತಿ ಗುಡ್ಡೆ ಮಾಡಿದ್ದು ಕಡಿಮೆಯಾಗಿ ಕಾಣುತ್ತದೆ. ಉಳಿದದ್ದನ್ನು ಚಮಚದಿಂದ ಸೌಟಿಗೆ ತುಂಬಿ ನೋಡಿದರೆ ಈ ಭ್ರಮೆ ಹೋಗುತ್ತದೆ. ಒಂದು ಸೌಟು, ಮುಕ್ಕಾಲು, ಅರ್ಧ, ಕಾಲು, ಅಷ್ಟರಲ್ಲಿ ಹೇಳಿ ಮುಗಿಸಿ. ಕಾಲಿಗಿಂತ ಸಣ್ಣ ಪಾಲನ್ನು ಕಣ್ಣಳತೆಯಲ್ಲಿ ಹೇಳಲು ಹೋಗುವುದು ನಂಬಿಕೆಗೆ ಅರ್ಹವಲ್ಲ. ಆಸ್ಪತ್ರೆಗಳಲ್ಲಿ ರೋಗಿಗಳು ಎಷ್ಟು ಬಿಟ್ಟರು ಎಂದು ದಾಖಲಿಸುವಾಗಲೂ ಸಾಮಾನ್ಯವಾಗಿ ಹೀಗೆ ಕಾಲು ಭಾಗಗಳಲ್ಲಿಯೇ ಬರೆಯುತ್ತಾರೆ, ಅದೂ ಇಡೀ ತಟ್ಟೆಗೆ ಒಂದು ಗುರುತಲ್ಲ, ಅನ್ನಕ್ಕೆ ಬೇರೆ, ಪಲ್ಯಕ್ಕೆ ಬೇರೆ, ಮೊಸರಿಗೆ ಬೇರೆ.

ಮರುದಿನದ ಬಾತಿನ ವಿಷಯಕ್ಕೆ ಬಂದರೆ, ಅಲ್ಲಿ ಎಡವುವುದು ನೀರಿನಲ್ಲಿ. ರಾತ್ರಿ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟದ್ದು 700 ಗ್ರಾಂ, ನಿನ್ನೆಯ ದರದಲ್ಲಿ 735 ಕ್ಯಾಲೊರಿ. ಬೆಳಿಗ್ಗೆ ನೋಡಿದರೆ ಅಕ್ಕಿ ಬೇಳೆ ನೀರನ್ನು ಹೀರಿಕೊಂಡು ಗಟ್ಟಿಯಾಗಿ ಕುಳಿತಿರುತ್ತದೆ. ನೀರು ಒಳಗೇ ಇರುವುದರಿಂದ ಮುಚ್ಚಿಟ್ಟ ಡಬ್ಬಿಯ ತೂಕ ಬದಲಾಗುವುದಿಲ್ಲ, ಗಟ್ಟಿಯಾಯಿತೆಂದು ಕ್ಯಾಲೊರಿ ಹೆಚ್ಚುವುದೂ ಇಲ್ಲ. ಆದರೆ ಬಿಸಿ ಮಾಡುವಾಗ ನೀವು ಒಂದು ದೊಡ್ಡ ಲೋಟ, ಸುಮಾರು 200 ಗ್ರಾಂ ನೀರು ಸುರಿಯುತ್ತೀರಿ, ಕುದಿಯುವಾಗ ಅದರಲ್ಲಿ 40 ಗ್ರಾಂ ಆವಿಯಾಗಿ ಹೋಗುತ್ತದೆ, ಕೊನೆಗೆ ಬಾಣಲೆಯಲ್ಲಿ 860 ಗ್ರಾಂ ಇರುತ್ತದೆ. ಅದರಲ್ಲಿರುವ ಕ್ಯಾಲೊರಿ ಅದೇ 735. ಇಂದಿನ ದರ 735ನ್ನು 860ರಿಂದ ಭಾಗಿಸಿದರೆ ಸಿಗುವ 0.85. ಒಂದು ತಟ್ಟೆಗೆ 300 ಗ್ರಾಂ ಹಾಕಿಕೊಂಡರೆ 255 ಕ್ಯಾಲೊರಿ. ನಿನ್ನೆಯ 1.05ರಲ್ಲಿ ಬರೆದಿದ್ದರೆ 315 ಆಗುತ್ತಿತ್ತು, 60 ಹೆಚ್ಚು. ಮೇಲೆ ಒಂದು ದೊಡ್ಡ ಚಮಚ ತುಪ್ಪ ಹಾಕಿ ತಿರುವಿದಿರೋ, ಸುಮಾರು 117 ಕ್ಯಾಲೊರಿ ಬಾಣಲೆಗೆ ಸೇರುತ್ತದೆ. ಒಟ್ಟು 852 ಆಗಿ, ತೂಕ 873 ಆಗಿ, ದರ 0.98ಕ್ಕೆ ಏರುತ್ತದೆ, 300 ಗ್ರಾಂಗೆ 293. ಈ ಎಲ್ಲದರಿಂದ ತಪ್ಪಿಸಿಕೊಳ್ಳುವ ಉಪಾಯ ಸರಳವಾಗಿದೆ. ಡಬ್ಬಿಯ ಮೇಲೆ ಗ್ರಾಂಗೆ ಎಷ್ಟು ಎಂದು ಬರೆಯಬೇಡಿ, ಡಬ್ಬಿಯೊಳಗೆ ಒಟ್ಟು ಎಷ್ಟು ಕ್ಯಾಲೊರಿ ಇದೆ ಎಂದು ಬರೆಯಿರಿ. ಬೆಳಿಗ್ಗೆ ನೀರೆಷ್ಟೇ ಸೇರಲಿ, ಆ ಅಂಕಿ ಹಾಗೆಯೇ ಇರುತ್ತದೆ. ಮೂರು ಜನ ಸಮನಾಗಿ ಹಂಚಿಕೊಂಡರೆ ಮೂರರಿಂದ ಭಾಗಿಸಿ, ತೂಗುವ ಅಗತ್ಯವೇ ಇಲ್ಲ.

ಫ್ರಿಜ್ಜಿನಲ್ಲಿಟ್ಟ ಅನ್ನದಲ್ಲಿ ಕ್ಯಾಲೊರಿ ಕಡಿಮೆಯಾಗುತ್ತದೆ ಎಂದು ಇತ್ತೀಚೆಗೆ ಬಹಳ ಜನ ಕೇಳುತ್ತಾರೆ. ತಣ್ಣಗಾದಾಗ ಅನ್ನದ ಪಿಷ್ಟದ ಒಂದು ಸಣ್ಣ ಭಾಗ ಸುಲಭವಾಗಿ ಜೀರ್ಣವಾಗದ ರೂಪಕ್ಕೆ ತಿರುಗುವುದು ನಿಜ. ಆದರೆ ಅದರಿಂದಾಗುವ ವ್ಯತ್ಯಾಸ ನಿಮ್ಮ ಸೌಟಿನ ಅಂದಾಜಿನ ತಪ್ಪಿಗಿಂತ ಚಿಕ್ಕದು. ಡೈರಿಯಲ್ಲಿ ಅದಕ್ಕಾಗಿ ಏನನ್ನೂ ಕಳೆಯಬೇಡಿ.

ಬಿಸಿಬೇಳೆಬಾತಿಗಿಂತ ಮಾಂಸದ ಸಾರು ಹೆಚ್ಚು ಮೋಸ ಮಾಡುತ್ತದೆ. ನಾಟಿಕೋಳಿ ಸಾರು ಬಡಿಸಿದ ಬಟ್ಟಲು 250 ಗ್ರಾಂ ತೂಗಿ, ಕೊನೆಯಲ್ಲಿ 130 ಗ್ರಾಂ ಉಳಿದರೆ ಅರ್ಧ ಬಿಟ್ಟೆ ಎನಿಸುತ್ತದೆ. ಆದರೆ ಉಳಿದದ್ದನ್ನು ಬಿಡಿಸಿ ನೋಡಿದರೆ 60 ಗ್ರಾಂ ಮೂಳೆ, 70 ಗ್ರಾಂ ಸಾರು. ಮೂಳೆಗೆ ಕ್ಯಾಲೊರಿಯಿಲ್ಲ, ಅದನ್ನು ಬಡಿಸಿದ ತೂಕದಿಂದಲೂ ಉಳಿದ ತೂಕದಿಂದಲೂ ತೆಗೆದುಹಾಕಬೇಕು. ಮಾಂಸವನ್ನೆಲ್ಲ ತಿಂದಾಗಿದೆ. ಆದ್ದರಿಂದ ಬಿಟ್ಟದ್ದು ಬರಿ 70 ಗ್ರಾಂ ಸಾರು ಮಾತ್ರ, ಅದು ಎಷ್ಟು ಎಂಬುದು ಮೇಲಿನ ಎಣ್ಣೆಯನ್ನು ಅವಲಂಬಿಸಿದೆ. ಕೋಳಿಯ ಕೊಬ್ಬು ಮತ್ತು ಒಗ್ಗರಣೆಯ ಎಣ್ಣೆ ಸಾರಿನ ಮೇಲೆ ತೇಲುತ್ತವೆ. ಪಾತ್ರೆಯ ಮೇಲಿನಿಂದ ತೆಗೆದ ಸೌಟಿಗೂ ತಳದಿಂದ ಎತ್ತಿದ ಸೌಟಿಗೂ ಬಹಳ ಅಂತರವಿರುತ್ತದೆ. ಬಟ್ಟಲನ್ನು ಓರೆ ಮಾಡಿದಾಗ ಉಳಿದ ಸಾರಿನ ಮೇಲೆ ಎಣ್ಣೆ ಒಂದು ಕಡೆಗೆ ಕೂಡಿಕೊಂಡು ಒಂದು ಸಣ್ಣ ಚಮಚದಷ್ಟು ಕಂಡರೆ, ಅದೊಂದೇ 45 ಕ್ಯಾಲೊರಿ. ಹಾಗೆ ಕಾಣದೆ ಬರಿ ಬಿಂದುಗಳಾಗಿ ಚದುರಿದ್ದರೆ ಎಣ್ಣೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮಾಂಸದ ಊಟದಲ್ಲಿ ತಿಂದ ತುಂಡುಗಳನ್ನು ಎಣಿಸುವುದೇ ಸುಲಭ, ಬಿಟ್ಟದ್ದನ್ನು ತೂಗುವುದು ಅಲ್ಲಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಇದೊಂದು ಕಡೆ ನನ್ನ ನಿಯಮವನ್ನು ನಾನೇ ಸಡಿಲಿಸುತ್ತೇನೆ.

ಹೋಟೆಲಿನ ಮಸಾಲೆದೋಸೆಯನ್ನು ಅರ್ಧ ಬಿಟ್ಟರೂ ಹೀಗೆಯೇ ಬಿಡಿಸಿ ನೋಡಬೇಕು. ಮೈಸೂರಿನ ಬೆಣ್ಣೆ ಹಾಕಿದ ಮಸಾಲೆದೋಸೆಯಲ್ಲಿ ಬೆಣ್ಣೆ ಕರಗಿ ನಡುಭಾಗಕ್ಕೆ ಇಳಿದಿರುತ್ತದೆ, ಕೆಂಪು ಚಟ್ನಿ ಮತ್ತು ಪಲ್ಯ ಕೂಡ ಅಲ್ಲಿಯೇ. ಎರಡೂ ತುದಿಗಳ ಗರಿಗರಿ ಭಾಗವನ್ನು ತಿಂದು ಮಧ್ಯವನ್ನು ಬಿಟ್ಟವರು ಅರ್ಧಕ್ಕಿಂತ ಎಷ್ಟೋ ಕಡಿಮೆ ತಿಂದಿದ್ದಾರೆ. ಒಂದು ತುದಿಯಿಂದ ಆರಂಭಿಸಿ ನಡುಭಾಗವನ್ನು ದಾಟಿ ಇನ್ನೊಂದು ತುದಿಯನ್ನಷ್ಟೇ ಬಿಟ್ಟವರು ಹೆಚ್ಚುಕಡಿಮೆ ಪೂರ್ತಿ ತಿಂದಿದ್ದಾರೆ. ಪಲ್ಯ ಎಷ್ಟು ಚಮಚ ಉಳಿದಿದೆ, ದೋಸೆಯ ಹಾಳೆ ಎಷ್ಟು ಅಗಲ ಉಳಿದಿದೆ ಎಂದು ಬೇರೆಬೇರೆಯಾಗಿ ನೋಡಿ, ಬೆಣ್ಣೆಯನ್ನು ಪಲ್ಯದ ಜೊತೆಗೆ ಕಟ್ಟಿಬಿಡಿ.

ಎಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಮುದ್ದೆ ಬಸ್ಸಾರಿನ ಊಟದಲ್ಲಿ ಮುದ್ದೆಯನ್ನು ಮಾತ್ರ ಸರಿಯಾಗಿ ಹಿಡಿಯಿರಿ. 100 ಗ್ರಾಂ ರಾಗಿಹಿಟ್ಟು ಸುಮಾರು 320 ಕ್ಯಾಲೊರಿ, ನೀರು ಸೇರಿ ಸುಮಾರು 300 ಗ್ರಾಂನ ಮುದ್ದೆಯಾಗುತ್ತದೆ. ಅದರಲ್ಲಿ ಮೂರರಲ್ಲೊಂದು ಪಾಲು ಬಿಟ್ಟರೆ 107 ಕಳೆಯಿರಿ, ಅಷ್ಟೇ. ತಟ್ಟೆಯ ಗುಂಡಿಯಲ್ಲಿ ಉಳಿದ ಅರ್ಧ ಸೌಟು ಬಸ್ಸಾರು 20 ಅಥವಾ 25 ಕ್ಯಾಲೊರಿ, ತಿಳಿಸಾರಾದರೆ ಅದಕ್ಕಿಂತಲೂ ಕಡಿಮೆ. ಅದನ್ನು ಬರೆದರೂ ಬರೆಯದಿದ್ದರೂ ದಿನದ 1500ರಲ್ಲಿ ಏನೂ ಆಗದು. ನೀರು ಹೆಚ್ಚಿರುವುದನ್ನು ಬಿಟ್ಟಾಗ ಸಡಿಲವಾಗಿರಿ, ಎಣ್ಣೆ, ತುಪ್ಪ, ಕೊಬ್ಬರಿ, ಕರಿದದ್ದು ಇದ್ದಾಗ ಬಿಗಿಯಾಗಿರಿ.

ಲೆಕ್ಕ ಎಲ್ಲೋ ಹಳಿ ತಪ್ಪಿದೆ ಎಂದು ತಿಳಿಯಲು ಗ್ರಾಂಗೆ ಬಂದ ದರವನ್ನು ನೋಡಿ. ಬೆಂದ ಅನ್ನ ಗ್ರಾಂಗೆ 1.3ರ ಸುತ್ತಮುತ್ತ ಇರುತ್ತದೆ, ಮುದ್ದೆ 1.1ರ ಹತ್ತಿರ, ಬಿಸಿಬೇಳೆಬಾತ್ ಹಾಕಿದ ನೀರು ತುಪ್ಪಕ್ಕೆ ತಕ್ಕಂತೆ 0.8ರಿಂದ 1.4ರೊಳಗೆ. ನಿಮ್ಮ ಬಾತಿಗೆ 3.5 ಬಂದಿದ್ದರೆ, ಬೆಂದ ಬಾತಿನ ತೂಕಕ್ಕೆ ಹಸಿ ಅಕ್ಕಿಯ ದರ ಹಾಕಿದ್ದೀರಿ. ಮೊಬೈಲಿನ ಆಪ್‌ಗಳಲ್ಲಿ ಅಕ್ಕಿ ಎಂದು ಹುಡುಕಿದಾಗ ಹಸಿಯದೂ ಬೆಂದದ್ದೂ ಒಂದರ ಕೆಳಗೊಂದು ಬರುವುದರಿಂದ ಈ ತಪ್ಪು ಬಹಳ ಸಾಮಾನ್ಯ. ಉಳಿದ ಅನ್ನವನ್ನು ಹಸಿ ದರದಲ್ಲಿ ಕಳೆದರೆ ತಿಂದದ್ದು ಸೊನ್ನೆಗಿಂತ ಕೆಳಗೆ ಹೋದ ಉದಾಹರಣೆಗಳನ್ನೂ ಕಂಡಿದ್ದೇನೆ. ಇನ್ನೊಂದು ಪರೀಕ್ಷೆಯೆಂದರೆ, ಎಲ್ಲರ ತಟ್ಟೆಗೆ ಬಡಿಸಿದ್ದು ಮತ್ತು ಡಬ್ಬಿಗೆ ಹಾಕಿದ್ದು ಸೇರಿ ಕುಕ್ಕರಿನ 2000 ಗ್ರಾಂನ ಹತ್ತಿರ ಬರಬೇಕು. ತಳ ಹಿಡಿದದ್ದು, ಆವಿಯಾಗಿ ಹೋದದ್ದು ಎಂದು 50 ಅಥವಾ 60 ಗ್ರಾಂ ಕಡಿಮೆಯಾದರೆ ಸಹಜ. 300 ಗ್ರಾಂ ಕಾಣೆಯಾಗಿದ್ದರೆ ಯಾರೋ ಬರೆಸದೆ ಬಡಿಸಿಕೊಂಡಿದ್ದಾರೆ, ಅಥವಾ ಅಡುಗೆ ಮಾಡುವವರು ರುಚಿ ನೋಡುತ್ತಲೇ ಒಂದು ತಟ್ಟೆ ಮುಗಿಸಿದ್ದಾರೆ.

ಇಷ್ಟೆಲ್ಲ ಮಾಡಿದರೂ ಸಿಗುವುದು ಅಂದಾಜೇ. ಅಕ್ಕಿಯ ತಳಿ, ತರಕಾರಿಯ ಪಾಲು, ನಿಮ್ಮ ದೊಡ್ಡ ಚಮಚದ ಆಳ, ಎಲ್ಲವೂ ಅಂಕಿಯನ್ನು ಅತ್ತಿತ್ತ ಎಳೆಯುತ್ತವೆ. ಆದ್ದರಿಂದ 403 ಎಂದು ಬಂದದ್ದನ್ನು ಡೈರಿಯಲ್ಲಿ 400 ಎಂದೇ ಬರೆಯಿರಿ. ಪಕ್ಕದಲ್ಲಿ ತೂಗಿದ್ದಾದರೆ ‘ತೂ’ ಎಂದೂ ಸೌಟಿನ ಅಂದಾಜಾದರೆ ‘ಸೌ’ ಎಂದೂ ಒಂದು ಗುರುತು ಹಾಕಿ. ಮುಂದಿನ ಸಲ ನಿಮ್ಮ ಡಯೆಟಿಷಿಯನ್‌ಗೆ ಡೈರಿ ತೋರಿಸುವಾಗ ಯಾವ ಸಾಲನ್ನು ಎಷ್ಟು ನಂಬಬೇಕೆಂದು ಅವರಿಗೆ ಕೇಳದೆಯೇ ತಿಳಿಯುತ್ತದೆ. ಮಗನ ತಟ್ಟೆಯಿಂದ ತಿಂದ ಸಾಲುಗಳನ್ನೂ ಬೇರೆಯಾಗಿಯೇ ತೋರಿಸಿ. ವಾರಕ್ಕೆ ಅಂಥವು ನಾಲ್ಕೈದು ಕಂಡರೆ, ಅವರು ನಿಮ್ಮ ತಟ್ಟೆಗೆ ಬಡಿಸುವ ಬಾತನ್ನು ಆರಂಭದಲ್ಲೇ ಒಂದು ಸೌಟು ಕಡಿಮೆ ಮಾಡಲು ಹೇಳಬಹುದು.